ಕಚೇರಿ ಟಿಪ್ಪಣಿ: ಅಭಿಲೇಖಾಲಯಕ್ಕೆ 16 ಕಾಂಪ್ಯಾಕ್ಟರ್ ರ್‍ಯಾಕ್ ಖರೀದಿ, ರೂ. 17,46,400 ವೆಚ್ಚಕ್ಕೆ ಮಂಜೂರಾತಿ ಕೋರಿ

ಜಿಲ್ಲಾಧಿಕಾರಿಗಳ ಕಚೇರಿ, ಅಭಿಲೇಖಾಲಯ ಶಾಖೆ
ಕಡತ ಸಂಖ್ಯೆ: ಅಭಿಲೇಖ/ಸಿಆರ್/41/2025-26
ದಿನಾಂಕ: 08-01-2026

ಮಾನ್ಯರೇ,

1. ಟಿಪ್ಪಣಿ ಪುಟ 6ರಲ್ಲಿ ತಾವು ನೀಡಿದ ಆಡಳಿತಾತ್ಮಕ ಅನುಮೋದನೆಯಂತೆ ಟೆಂಡರ್ ಪ್ರಕ್ರಿಯೆ ಮುಗಿದಿದೆ. ಕನಿಷ್ಠ ದರದ ಟೆಂಡರ್ ಅಂಗೀಕರಿಸಿ ವೆಚ್ಚಕ್ಕೆ ಮಂಜೂರಾತಿ ನೀಡುವ ಬಗ್ಗೆ ಈ ಟಿಪ್ಪಣಿ ಮಂಡಿಸಿದೆ. ಟೆಂಡರಿನ ಸಿಂಧುತ್ವ 15-02-2026ಕ್ಕೆ ಮುಗಿಯುತ್ತದೆ. ಅಂದು ಭಾನುವಾರವಾದ್ದರಿಂದ ಕೆಲಸದ ದಿನಗಳ ಲೆಕ್ಕದಲ್ಲಿ ಇನ್ನೂ ಮೊದಲೇ ಆದೇಶ ಹೊರಡಬೇಕಾಗುತ್ತದೆ.

2. ಅಗತ್ಯ. ಅಭಿಲೇಖಾಲಯದ ಕಡತಗಳನ್ನು ಅಳತೆ ಮಾಡಲಾಗಿದ್ದು, ರುಮಾಲು ಕಟ್ಟಿದ ಕಟ್ಟುಗಳು ಒಟ್ಟು 292 ಮೀಟರ್ ಉದ್ದಕ್ಕೆ ಬರುತ್ತವೆ (ಪತ್ರ ಪುಟ 11ರಿಂದ 14). ಅವಧಿ ಮುಗಿದ ‘ಸಿ’ ಮತ್ತು ‘ಡಿ’ ವರ್ಗದ ಕಡತಗಳನ್ನು ವಿಲೇವಾರಿ ಮಾಡಿದ ನಂತರದ ಅಳತೆ ಇದು. ಹಾಗಾಗಿ ‘ಮೊದಲು ಹಳೆಯದನ್ನು ತೆಗೆದುಹಾಕಿ’ ಎಂಬ ಆಕ್ಷೇಪಣೆಗೆ ಎಡೆಯಿಲ್ಲ. ಉಳಿದಿರುವುದರಲ್ಲಿ ಹೆಚ್ಚಿನವು ‘ಎ’ ವರ್ಗದವು, ಶಾಶ್ವತವಾಗಿ ಇಡಬೇಕಾದವು. ಸ್ಕ್ಯಾನಿಂಗ್ ಆದ ಮಾತ್ರಕ್ಕೆ ಇವುಗಳ ಮೂಲಪ್ರತಿ ವಿಲೇವಾರಿ ಮಾಡುವಂತಿಲ್ಲ. ಈಗಿನ ಮರದ ರ್‍ಯಾಕುಗಳಲ್ಲಿ ಉತ್ತರ ಗೋಡೆಯ ಕಡೆಯ ಐದಕ್ಕೆ ಗೆದ್ದಲು ಹಿಡಿದಿದ್ದು, ಅವುಗಳ ಕಟ್ಟುಗಳನ್ನು ನೆಲದ ಮೇಲೆ ಇಡಲಾಗಿದೆ.

3. ಪ್ರಮಾಣ. ಪ್ರತಿ ಘಟಕ ಎರಡು ಮುಖದ್ದು, ಮುಖವೊಂದಕ್ಕೆ 1.8 ಮೀಟರ್ ಅಗಲದ ಆರು ಹಲಗೆ. ಅಂದರೆ ಘಟಕಕ್ಕೆ 21.6 ಮೀಟರ್, 16 ಘಟಕಗಳಿಗೆ 345.6 ಮೀಟರ್. ಈಗಿನ ಅಗತ್ಯಕ್ಕಿಂತ ಶೇ. 18ರಷ್ಟು ಹೆಚ್ಚು ಜಾಗ ಉಳಿಯುತ್ತದೆ. ಎಂಟೆಂಟು ಘಟಕಗಳ ಎರಡು ಸಾಲು, ತೆರೆದ ಓಣಿ ಸೇರಿ 8.1 ಮೀಟರ್ ಉದ್ದ ಮತ್ತು ನಡುವಿನ ದಾರಿ ಸೇರಿ 4.8 ಮೀಟರ್ ಅಗಲ ಬೇಕು. ಕೊಠಡಿಯ ಅಳತೆ 9.2 × 5.4 ಮೀಟರ್.

4. ಸ್ಥಳ. ಅಭಿಲೇಖಾಲಯ ಈಗ ಮೊದಲ ಮಹಡಿಯಲ್ಲಿದೆ. ಅಲ್ಲಿ ಇವುಗಳನ್ನು ಅಳವಡಿಸಬಾರದು. ತುಂಬಿದ ಘಟಕವೊಂದರ ತೂಕ ಸುಮಾರು 1,200 ಕಿಲೋ, ಅದು ನಿಲ್ಲುವ ಜಾಗ 1.62 ಚದರ ಮೀಟರ್. ಚದರ ಮೀಟರಿಗೆ ಸುಮಾರು 740 ಕಿಲೋ ಭಾರ ಬೀಳುತ್ತದೆ. ಕಚೇರಿ ಕೊಠಡಿಗಳ ಮಹಡಿಯನ್ನು ವಿನ್ಯಾಸ ಮಾಡುವುದು ಇದರ ಅರ್ಧದಷ್ಟು ಭಾರಕ್ಕೆ. ರ್‍ಯಾಕುಗಳನ್ನು ಒತ್ತಿ ಜೋಡಿಸುವುದರಿಂದ ಭಾರವೆಲ್ಲ ಒಂದೆಡೆ ಸೇರುತ್ತದೆ ಎಂಬುದನ್ನೂ ಗಮನಿಸಬೇಕು. ಆದ್ದರಿಂದ ನೆಲಮಹಡಿಯ ಹಳೆಯ ಮುದ್ರಾಂಕ ಕೊಠಡಿಯನ್ನು ಆರಿಸಲಾಗಿದೆ. ಲೋಕೋಪಯೋಗಿ ಇಲಾಖೆಯ ಸಹಾಯಕ ಕಾರ್ಯಪಾಲಕ ಅಭಿಯಂತರರು ಒಪ್ಪಿಗೆ ನೀಡಿದ್ದಾರೆ (ಪತ್ರ ಪುಟ 22), ಹಳಿ ಕೂರಿಸುವ ಮುನ್ನ ನೆಲವನ್ನು ಮಟ್ಟ ಮಾಡಬೇಕೆಂಬ ಷರತ್ತಿನೊಂದಿಗೆ. ಹಳಿ ಒಂದು ಕಡೆ ಇಳಿಜಾರಾದರೆ ತುಂಬಿದ ಘಟಕ ತಾನಾಗಿಯೇ ಸರಿಯುತ್ತದೆ, ಓಣಿಯಲ್ಲಿ ನಿಂತವರಿಗೆ ಅಪಾಯ. ನೆಲ ಮಟ್ಟ ಮಾಡುವ ಕೆಲಸ ಟೆಂಡರ್ ದರದಲ್ಲಿಯೇ ಸೇರಿದೆ.

5. ನಿಯಮ. ಮೊತ್ತವು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಪ್ರಕರಣ 4(ಇ) ವಿನಾಯಿತಿಯ ಮಿತಿಯನ್ನು ಮೀರಿದೆ. ಪ್ರಕರಣ 5ರಂತೆ ಟೆಂಡರ್ ಕಡ್ಡಾಯ. 2000ದ ನಿಯಮಗಳ ನಿಯಮ 28ರಂತೆ ಎರಡು ಲಕೋಟೆ ಪದ್ಧತಿಯಲ್ಲಿ ಇ-ಸಂಗ್ರಹಣಾ ಪೋರ್ಟಲ್ ಮೂಲಕ 08-10-2025ರಂದು ಟೆಂಡರ್ ಪ್ರಕಟಿಸಿ, 17-11-2025ರವರೆಗೆ ಅವಕಾಶ ನೀಡಲಾಯಿತು. ನಿಯಮ 17ರಡಿ ಅವಧಿ ಕಡಿತ ಮಾಡಿಲ್ಲ.

6. ಟೆಂಡರ್ ಪರಿಶೀಲನೆ. ಮೂರು ಟೆಂಡರ್ ಬಂದಿವೆ. ಮೂರನೆಯವರ ಮಾದರಿಯ ಹಲಗೆಯ ದಪ್ಪ 0.6 ಮಿ.ಮೀ. ಇದ್ದು, ನಿಗದಿಪಡಿಸಿದ 0.8 ಮಿ.ಮೀ.ಗಿಂತ ಕಡಿಮೆಯಾದ್ದರಿಂದ ತಾಂತ್ರಿಕ ಹಂತದಲ್ಲಿ ತಿರಸ್ಕರಿಸಿ, ಕಾರಣ ಸಹಿತ ತಿಳಿಸಲಾಗಿದೆ (ಪತ್ರ ಪುಟ 58). ಅವರ ಆರ್ಥಿಕ ಲಕೋಟೆ ತೆರೆದಿಲ್ಲ. ಉಳಿದಿಬ್ಬರ ದರ:

ಮೊದಲನೆಯವರು: ಘಟಕಕ್ಕೆ ರೂ. 92,500, 16ಕ್ಕೆ ರೂ. 14,80,000; ಶೇ. 18 ಜಿಎಸ್‌ಟಿ ರೂ. 2,66,400, ಒಟ್ಟು ರೂ. 17,46,400.
ಎರಡನೆಯವರು: ಘಟಕಕ್ಕೆ ರೂ. 98,400, ಜಿಎಸ್‌ಟಿ ಸೇರಿ ಒಟ್ಟು ರೂ. 18,57,792.

ಅಂದಾಜು ರೂ. 18,90,000. ಕನಿಷ್ಠ ದರ ಅದಕ್ಕಿಂತ ಶೇ. 7.6ರಷ್ಟು ಕಡಿಮೆ. ದರ ಸಂಧಾನದ ಅಗತ್ಯ ಕಾಣುವುದಿಲ್ಲ.

7. ಪೂರ್ವನಿದರ್ಶನ. 2021-22ರಲ್ಲಿ ಇದೇ ಕಚೇರಿಯ ಭೂದಾಖಲೆ ಶಾಖೆಗೆ ಇದೇ ಮಾದರಿಯ 8 ಘಟಕಗಳನ್ನು ಟೆಂಡರ್ ಮೂಲಕ ತಲಾ ರೂ. 84,000ಕ್ಕೆ ಖರೀದಿಸಲಾಗಿದೆ (ಸಂಬಂಧಿತ ಕಡತ ಲಗತ್ತಿಸಿದೆ). ನಾಲ್ಕು ವರ್ಷಗಳಲ್ಲಿ ಶೇ. 10ರ ಏರಿಕೆ ಸಮಂಜಸ. ದರದ ಬಗ್ಗೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಿಲ್ಲ. ಆದರೆ 47 ದಿನ ತಡವಾದರೂ ದಂಡ ಕಡಿತ ಮಾಡಿಲ್ಲವೆಂಬ ಕಂಡಿಕೆ ಬಂದು, ಇನ್ನೂ ತೀರುವಳಿಯಾಗಿಲ್ಲ. ಸರಬರಾಜು ಆದೇಶದಲ್ಲಿ ದಂಡದ ಷರತ್ತೇ ಬಿಟ್ಟುಹೋಗಿತ್ತು. 2018-19ರ ರ್‍ಯಾಕ್ ಖರೀದಿಯ ಕಡತವೂ ಇದೆ. ಒಂದೇ ಅಗತ್ಯವನ್ನು ನಾಲ್ಕು ತುಂಡು ಮಾಡಿ ದರಪಟ್ಟಿಗಳ ಮೇಲೆ ಕೊಂಡದ್ದು ಅದು. ಅದನ್ನು ನಿದರ್ಶನವಾಗಿ ಪರಿಗಣಿಸಬಾರದೆಂದು ಸೂಚಿಸಿದೆ.

8. ಅನುದಾನ. ಲೆಕ್ಕ ಶೀರ್ಷಿಕೆ 2053-00-093, ಉದ್ದೇಶ ಶೀರ್ಷಿಕೆ 180 ಯಂತ್ರೋಪಕರಣಗಳು. ಬಿಡುಗಡೆ ರೂ. 24,00,000, ವೆಚ್ಚ ರೂ. 3,85,000, ಈಗಾಗಲೇ ಬದ್ಧವಾದ ಮೊತ್ತ ರೂ. 1,20,000, ಲಭ್ಯ ರೂ. 18,95,000. ಪ್ರಸ್ತಾಪಿತ ವೆಚ್ಚದ ನಂತರ ರೂ. 1,48,600 ಉಳಿಯುತ್ತದೆ. 20-01-2026ರೊಳಗೆ ಆದೇಶ ಹೊರಟರೆ 45 ದಿನಗಳ ಸರಬರಾಜು ಅವಧಿ 06-03-2026ಕ್ಕೆ ಮುಗಿದು, ಪರೀಕ್ಷೆ ನಡೆಸಿ ಮಾರ್ಚ್ ಅಂತ್ಯದೊಳಗೆ ಖಜಾನೆ-2ರಲ್ಲಿ ಬಿಲ್ಲು ಸಲ್ಲಿಸಬಹುದು. ತಡವಾದರೆ ಅನುದಾನ ವ್ಯಪಗತವಾಗುತ್ತದೆ. ಅದನ್ನು ತಪ್ಪಿಸಲೆಂದು ಸಾಮಗ್ರಿ ಬರುವ ಮುನ್ನವೇ ಹಣ ಸೆಳೆದಿಡಲು ಅವಕಾಶವಿಲ್ಲ.

9. ಮೇಲಿನಂತೆ, ಈ ಕೆಳಕಂಡವುಗಳಿಗೆ ಆದೇಶ ಕೋರಿದೆ:

ಅ) ಅಧಿನಿಯಮದ ಪ್ರಕರಣ 13ರಂತೆ ಕನಿಷ್ಠ ದರದ ಟೆಂಡರ್ ಅಂಗೀಕರಿಸಿ, ರೂ. 17,46,400 (ಹದಿನೇಳು ಲಕ್ಷದ ನಲವತ್ತಾರು ಸಾವಿರದ ನಾನೂರು ರೂಪಾಯಿ ಮಾತ್ರ) ವೆಚ್ಚಕ್ಕೆ ಮಂಜೂರಾತಿ ನೀಡಲು;
ಆ) ಶೇ. 5ರ ಭದ್ರತಾ ಠೇವಣಿ ರೂ. 87,320 ಪಡೆದ ನಂತರವೇ ಸರಬರಾಜು ಆದೇಶ ನೀಡಲು. ಟೆಂಡರ್ ಷರತ್ತಿನಂತೆ ವಾರಕ್ಕೆ ಶೇ. 0.5, ಗರಿಷ್ಠ ಶೇ. 10 ದಂಡವನ್ನು ಆದೇಶದಲ್ಲಿಯೇ ನಮೂದಿಸಲು;
ಇ) ಮುಂಗಡ ನೀಡದೆ, ಪೂರ್ಣ ಭಾರ ತುಂಬಿ ಪ್ರತಿ ಘಟಕವನ್ನು ಓಡಿಸಿ ನೋಡಿದ ವರದಿ ಮತ್ತು ಜಡವಸ್ತು ದಾಸ್ತಾನು ವಹಿಯ ನಮೂದು ಆದ ನಂತರ, ತೆರಿಗೆಪೂರ್ವ ಮೌಲ್ಯದ ಮೇಲೆ ಶೇ. 2 ಜಿಎಸ್‌ಟಿ ಮೂಲ ಕಡಿತ ರೂ. 29,600 ಕಳೆದು ಪಾವತಿಸಲು.

ಕರಡು ಮಂಜೂರಾತಿ ಆದೇಶ ಪತ್ರ ಪುಟ 66ರಲ್ಲಿದೆ.

ವಿಷಯ ನಿರ್ವಾಹಕರು, ಅಭಿಲೇಖಾಲಯ

10. ಕಂಡಿಕೆ 9ನ್ನು ಒಪ್ಪಿದೆ. ಕರಡು ಆದೇಶದಲ್ಲಿ ಖಾತರಿ ಅವಧಿ ಸರಬರಾಜಿನ ದಿನದಿಂದ ಎಂದಿದೆ; ಅಳವಡಿಕೆಯ ದಿನದಿಂದ ಎಂದು ತಿದ್ದಿದೆ.

ಶಿರಸ್ತೇದಾರ್, 09-01-2026

11. ಅನುದಾನದ ಅಂಕಿಗಳನ್ನು ಖಜಾನೆ-2ರೊಂದಿಗೆ ತಾಳೆ ನೋಡಿದೆ, ಸರಿಯಿವೆ. ಕನಿಷ್ಠ ದರದವರ ಜಿಎಸ್‌ಟಿ ನೋಂದಣಿ ಹೊರರಾಜ್ಯದ್ದಾದ್ದರಿಂದ ಮೂಲ ಕಡಿತವನ್ನು ಐಜಿಎಸ್‌ಟಿಯಡಿ ತೋರಿಸಬೇಕು, ಕರಡಿನಲ್ಲಿರುವ ಶೇ. 1 + 1ರ ವಿಂಗಡಣೆ ತೆಗೆಯುವುದು. ಮೊತ್ತ ಬದಲಾಗುವುದಿಲ್ಲ. ಮಂಜೂರಾತಿಗೆ ಆರ್ಥಿಕ ಅಭ್ಯಂತರವಿಲ್ಲ.

ಲೆಕ್ಕಾಧಿಕಾರಿ, 12-01-2026

12. ಕಂಡಿಕೆ 11ರಂತೆ ಕರಡು ತಿದ್ದಿದೆ. ಕಂಡಿಕೆ 9(ಅ)ದಿಂದ (ಇ)ವರೆಗೆ ಅನುಮೋದನೆ ಕೋರಿ ಸಲ್ಲಿಸಿದೆ.

ಅಪರ ಜಿಲ್ಲಾಧಿಕಾರಿ, 13-01-2026

ಮಾನ್ಯ ಜಿಲ್ಲಾಧಿಕಾರಿಗಳು