ಕಿಟಕಿ ಪಕ್ಕ, ದಪ್ಪ, 2

ಮದುವೆ ಅಡುಗೆ ಕಂಟ್ರಾಕ್ಟರ್‌ಗೆ ದುಡ್ಡು ಕೊಡುವುದು ಎಲೆ ಲೆಕ್ಕದಲ್ಲಿ. ಎಷ್ಟು ಎಲೆ ಹಾಕಿದರೋ ಅಷ್ಟಕ್ಕೆ ಬಿಲ್ಲು. ತಿಂಡಿ ಎಲೆಗೆ ಒಂದು ದರ, ಊಟದ ಎಲೆಗೆ ಇನ್ನೊಂದು. ಮಗಳ ಮದುವೆ ಮಾಡುವ ಅಪ್ಪಂದಿರಿಗೆ ರಾತ್ರಿ ನಿದ್ದೆ ಬಾರದಿರುವುದು ಮಗಳು ಹೋಗುತ್ತಾಳೆ ಅಂತ ಎಂದು ನೀವು ತಿಳಿದಿದ್ದರೆ, ನೀವಿನ್ನೂ ಮಗಳ ಮದುವೆ ಮಾಡಿಲ್ಲ.

ಬಸವನಗುಡಿಯ ಛತ್ರದಲ್ಲಿ ಶ್ರೀಪಾದರಾಯರು ಬೆಳಗ್ಗೆ ಆರಕ್ಕೇ ಭಾವ ನಾಗರಾಜರಾಯರನ್ನು ಕಂಬದ ಹಿಂದೆ ಕರೆದರು.

“ಭಾವ, ನೀವು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಊಟದ ಹಾಲ್‌ನಲ್ಲಿ ನಿಂತು ಎಲೆ ಎಣಿಸಿ. ಯಾರಿಗೂ ಹೇಳಬೇಡಿ. ಕಂಟ್ರಾಕ್ಟರ್‌ಗೆ ಗೊತ್ತಾದರೆ ಮುನಿಸಿಕೊಂಡು ಒಲೆ ಆರಿಸಿಬಿಡ್ತಾನೆ.”

“ಪದ್ಮಂಗೆ?”

“ಅಕ್ಕನಿಗಂತೂ ಬೇಡವೇ ಬೇಡ.”

ನಾಗರಾಜರಾಯರು ಪುಟ್ಟ ನೋಟ್‌ಬುಕ್ ಹಿಡಿದು ಕೈತೊಳೆಯುವ ನಲ್ಲಿ ಪಕ್ಕ ನಿಂತರು. ಮೊದಲ ಪಂಕ್ತಿ ಸರಾಗವಾಗಿ ಹೋಯಿತು. ಎರಡನೇ ಪಂಕ್ತಿಯಲ್ಲಿ ಗಂಡಿನ ಸೋದರಮಾವ ಗುಂಡಣ್ಣ ಕಿಟಕಿ ಪಕ್ಕ ಕೂತರು. ಎಲೆಗೆ ಚಟ್ನಿ ಬಿತ್ತು. ಅಷ್ಟರಲ್ಲಿ ಬಿಸಿಲು ಕಣ್ಣಿಗೆ ಹೊಡೆಯಿತು ಅಂತ ಎದ್ದು ಫ್ಯಾನ್ ಕೆಳಗೆ ಹೋಗಿ ಕೂತರು. ಬಡಿಸುವ ಹುಡುಗ ಅಲ್ಲಿ ಹೊಸ ಎಲೆ ಹಾಕಿದ. ಒಬ್ಬ ಮನುಷ್ಯ, ಎರಡು ಎಲೆ. ಇದು ಮುಂದೆ ತಕರಾರಿಗೆ ಬರುವ ವಿಷಯ. ನಾಗರಾಜರಾಯರು ನೆನಪಿಗೆ ಅಂತ ಬರೆದುಕೊಂಡರು: ‘ಕಿಟಕಿ ಪಕ್ಕ, ದಪ್ಪ, 2’.

ಕೈತೊಳೆಯಲು ಬಂದ ಗುಂಡಣ್ಣನ ಕಣ್ಣು ನೋಟ್‌ಬುಕ್ ಮೇಲೆ ಬಿತ್ತು.

“ಏನ್ ಸಾರ್ ಬರೀತಿದ್ದೀರಿ?”

“ಏನಿಲ್ಲ, ಸುಮ್ನೆ.”

“ಸುಮ್ನೆ ಯಾರಾದರೂ ಊಟದ ಹಾಲ್‌ನಲ್ಲಿ ಬರೀತಾರಾ? ಈ ದಪ್ಪ ಯಾರು?”

ಮೂವತ್ತು ವರ್ಷ ಬೇರೆಯವರ ದುಡ್ಡನ್ನು ಪೈಸೆ ತಪ್ಪದೆ ಎಣಿಸಿದ ಮನುಷ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಅದು... ತಂಬಿಗೆ” ಎಂದರು.

ಗುಂಡಣ್ಣ ಟವೆಲ್ಲನ್ನೂ ಕೇಳದೆ ಸೀದಾ ಗಂಡಿನ ಕೋಣೆಗೆ ಹೋದರು. “ನಾವು ಎಷ್ಟು ತಿಂತೀವಿ ಅಂತ ಲೆಕ್ಕ ಇಡ್ತಿದ್ದಾರೆ! ನಾನು ಎರಡು ಸಲ ತಿಂದೆ ಅಂತ ಬರೆದಿದ್ದಾರೆ! ಕೇಳಿದರೆ ನನ್ನನ್ನು ತಂಬಿಗೆ ಅಂತಾರೆ!”

ಗಂಡಿನ ಕಡೆಯವರು ಮಲ್ಲೇಶ್ವರದ ಮರ್ಯಾದಸ್ಥರು. ಜಗಳ ಆಡಲಿಲ್ಲ. ಇನ್ನು ಈ ಛತ್ರದಲ್ಲಿ ಒಂದು ಅಗುಳನ್ನೂ ಮುಟ್ಟಬಾರದು ಎಂದು ತೀರ್ಮಾನಿಸಿದರು, ಅಷ್ಟೇ. ಆದರೆ ಹಸಿವು ಮರ್ಯಾದೆ ನೋಡುವುದಿಲ್ಲ. ಗುಂಡಣ್ಣನ ಮಗ ಗಾಂಧಿ ಬಜಾರಿಗೆ ಹೋಗಿ ಮೂವತ್ತು ಪ್ಲೇಟ್ ಇಡ್ಲಿ-ವಡೆ ಕಟ್ಟಿಸಿಕೊಂಡು ಹಿಂದಿನ ಮೆಟ್ಟಿಲಿಂದ ಬಂದ. ಅವರು ಬಂದಿದ್ದ ಮಿನಿಬಸ್ಸಿನ ಡ್ರೈವರನ್ನೂ ಪಾರ್ಸೆಲ್ ಹೊರಲು ಮೇಲಕ್ಕೆ ಕರೆದುಕೊಂಡ. ಈ ಡ್ರೈವರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಿಂದಿನ ಮೆಟ್ಟಿಲಲ್ಲೇ ಪದ್ಮತ್ತೆ ಇದ್ದರು.

“ಏನಪ್ಪಾ ಇದು?”

“ಇಡ್ಲಿ, ಆಂಟಿ.”

“ಕೆಳಗೆ ಬೇಕಾದಷ್ಟು ಇಡ್ಲಿ ಇದೆಯಲ್ಲ?”

“ಅದು ಬೇಡ ಅಂದ್ರು.”

ತುಂಬಿದ ಛತ್ರದಲ್ಲಿ ಇಡ್ಲಿ ಬೇಡ ಅಂತ ಹೊರಗಿಂದ ಇಡ್ಲಿಯನ್ನೇ ತರಿಸುತ್ತಾರೆ ಅಂದರೆ ಕೆಳಗಿನ ಇಡ್ಲಿಯಲ್ಲಿ ಏನೋ ಇರಬೇಕು, ಅಲ್ವಾ? ಪದ್ಮತ್ತೆ ಅಡುಗೆಮನೆಗೆ ನುಗ್ಗಿ ಚಟ್ನಿ ಮೂಸಿದರು. ಚಟ್ನಿ ಚೆನ್ನಾಗಿಯೇ ಇತ್ತು. ಆದರೆ ಅನುಮಾನದಿಂದ ಮೂಸಿದರೆ ಯಾವ ಚಟ್ನಿಯೂ ಸ್ವಲ್ಪ ಹುಳಿ ಹೊಡೆಯುತ್ತದೆ. ತಂಗಿಯ ಕಿವಿಯಲ್ಲಿ “ಚಟ್ನಿ ಯಾಕೋ ಒಂಥರಾ ಇದೆ ಕಣೆ” ಎಂದರು. ಆ ಮಾತು ಮಂಟಪ ದಾಟುವಷ್ಟರಲ್ಲಿ “ಚಟ್ನಿ ಕೆಟ್ಟಿದೆಯಂತೆ” ಆಯಿತು. ವಾಲಗದವರನ್ನು ತಲುಪುವಷ್ಟರಲ್ಲಿ “ಗಂಡಿನ ಕಡೆ ಹತ್ತು ಜನ ವಾಂತಿ ಮಾಡಿಕೊಂಡರಂತೆ” ಆಗಿತ್ತು. ಡೋಲಿನವನು ಕೋಲು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಅವನು ಹನ್ನೊಂದು ಇಡ್ಲಿ ತಿಂದಿದ್ದ. ಅದು ಬೇರೆ ಕಥೆ.

ಹೆಣ್ಣಿನ ಕಡೆ ಒಬ್ಬ ಡಾಕ್ಟರ್ ಇದ್ದ, ಹಲ್ಲಿನ ಡಾಕ್ಟರ್. “ಅಂಥದ್ದೇನಿಲ್ಲ ಅನ್ಸುತ್ತೆ. ಆದರೂ ಒಂದು ಸೇಫ್ಟಿಗೆ...” ಎಂದ. ಮುಂದಿನದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಾಲ್ಕು ಜನ ಒಟ್ಟಿಗೆ 108ಕ್ಕೆ ಫೋನ್ ಮಾಡಿದರು.

ಅತ್ತ ಛತ್ರದ ಬಾಗಿಲಲ್ಲಿ ಕಾಶಿಯಾತ್ರೆ ಶುರುವಾಗಿತ್ತು. ಮದುಮಗ ಶಶಾಂಕ ಕಚ್ಚೆಪಂಚೆ ಉಟ್ಟು, ಕೊಡೆ ಹಿಡಿದು, ಕೋಲೂರಿ ಹೊರಟಿದ್ದ. ಸಂಸಾರ ಬೇಡ, ಕಾಶಿಗೆ ಹೋಗ್ತೀನಿ ಅಂತ ಅವನು ಅನ್ನಬೇಕು. ಬೇಡಪ್ಪಾ, ನಮ್ಮ ಹುಡುಗಿ ಕೊಡ್ತೀವಿ ಅಂತ ಮಾವ ತಡೆಯಬೇಕು. ಆದರೆ ಗುಂಡಣ್ಣ ಅಡ್ಡ ಬಂದರು.

“ಹೋಗಲಿ ಬಿಡಿ ರಾಯರೇ! ಕಾಶಿಯಲ್ಲಿ ಯಾರೂ ತುತ್ತು ಎಣಿಸಲ್ಲ!”

“ಯಾರು ಎಣಿಸಿದ್ದು?” ಎಂದರು ಶ್ರೀಪಾದರಾಯರು. ಅಷ್ಟರಲ್ಲಿ ಅವರಿಗೆ ಹೊಳೆಯಿತು. ಪಕ್ಕದಲ್ಲೇ ಕಂಟ್ರಾಕ್ಟರ್ ನಿಂತಿದ್ದ. ಬಾಯಿ ಮುಚ್ಚಿಕೊಂಡರು. ಮಾವ ಬಾಯಿ ಮುಚ್ಚಿದ್ದು ನೋಡಿ ಶಶಾಂಕನಿಗೆ ಗಾಬರಿಯಾಯಿತು. ಶಾಸ್ತ್ರದಲ್ಲಿ ತಡೆಯುವವರೇ ತಡೆಯದಿದ್ದರೆ ಎಲ್ಲಿವರೆಗೆ ನಡೆಯಬೇಕು ಅಂತ ಪುರೋಹಿತರು ಹೇಳಿಕೊಟ್ಟಿರಲಿಲ್ಲ. ಅವನು ಗೇಟಿನವರೆಗೆ ಹೋದ. ರಾತ್ರಿಯಿಂದ ಉಪವಾಸ, ಮೇಲೆ ಬಿಸಿಲು. ಅದೇ ಹೊತ್ತಿಗೆ ಎದುರಿಗೆ ಆಂಬುಲೆನ್ಸ್ ಕೂಗಿಕೊಂಡು ಬಂತು. ತಲೆ ಸುತ್ತಿ ಕೊಡೆ ಸಮೇತ ಕೆಳಗೆ ಬಿದ್ದ.

ಆಂಬುಲೆನ್ಸ್‌ನವರಿಗೆ ಇನ್ನೇನು ಬೇಕು? ಕರೆದಿದ್ದಾರೆ, ಒಬ್ಬ ಬಿದ್ದಿದ್ದಾನೆ. ಸ್ಟ್ರೆಚರ್ ಮೇಲೆ ಮಲಗಿಸಿ ಬಾಗಿಲು ಹಾಕಿಕೊಂಡರು.

“ಹುಡುಗನಿಗೇ ವಿಷ ಹಾಕಿದ್ರಾ!” ಎಂದು ಬೀಗಿತ್ತಿ ಕಿರುಚಿದರು.

“ಅವನು ನಮ್ಮದೇನೂ ತಿಂದಿಲ್ಲ!” ಎಂದರು ಪದ್ಮತ್ತೆ.

“ತಿಂದಿಲ್ಲ ಅಂತ ನಿಮಗೆ ಹೇಗೆ ಗೊತ್ತು? ನೋಡಿ, ನೋಡಿ, ಅದಕ್ಕೂ ಲೆಕ್ಕ ಇಟ್ಟಿದ್ದಾರೆ!”

ಆಂಬುಲೆನ್ಸ್ ಹೊರಡಲಿಲ್ಲ. ಗೇಟಿಗೆ ಅಡ್ಡವಾಗಿ ಮಿನಿಬಸ್ ನಿಂತಿತ್ತು. ಅದರ ಡ್ರೈವರ್ ಮೇಲಿನ ಕೋಣೆಯಲ್ಲಿ ನಿಶ್ಚಿಂತೆಯಿಂದ ಎರಡನೇ ವಡೆ ತಿನ್ನುತ್ತಿದ್ದ. ಆಂಬುಲೆನ್ಸ್‌ನ ಹಿಂದೆ ಹೂವಿನ ಆಟೊ, ಅದರ ಹಿಂದೆ ಕುರ್ಚಿ ಲಾರಿ. ಎಲ್ಲರೂ ಹಾರ್ನ್ ಹೊಡೆದರು. ಮುಹೂರ್ತದ ಸಂಜ್ಞೆ ಅಂದುಕೊಂಡು ವಾಲಗದವರು ಗಟ್ಟಿಮೇಳ ಬಾರಿಸಿದರು. ಗಟ್ಟಿಮೇಳ ಕೇಳಿ ಒಳಗಿದ್ದ ಇನ್ನೂರು ಜನ ಹಸೆಮಣೆ ಕಡೆಗೆ ಅಕ್ಷತೆ ಎಸೆದರು. ಹಸೆಮಣೆ ಮೇಲೆ ಹುಡುಗಿಯೂ ಇರಲಿಲ್ಲ. ಚೊಂಬು ಎಣಿಸುತ್ತಿದ್ದ ಪುರೋಹಿತರೊಬ್ಬರೇ ಇದ್ದರು.

ಕೊನೆಗೆ ಕೆಲಸಕ್ಕೆ ಬಂದಿದ್ದು ಹುಡುಗಿಯೇ. ಮೇಘನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದಳು. ಆಂಬುಲೆನ್ಸ್ ಬಾಗಿಲು ತಟ್ಟಿದಳು. “ಏನಾಗಿದೆ ಇವರಿಗೆ?”

“ಹಸಿವು ಮೇಡಂ” ಎಂದ ಒಳಗಿದ್ದವನು. ಗ್ಲೂಕೋಸ್ ನೀರು ಕುಡಿಸಿದ್ದರು. ಶಶಾಂಕ ಎದ್ದು ಕೂತು ಕೊಡೆ ಎಲ್ಲಿ ಎಂದು ಹುಡುಕುತ್ತಿದ್ದ.

ಅವಳು ತಿರುಗಿ ನಾಗರಾಜರಾಯರ ಕಡೆ ನೋಡಿದಳು. “ಮಾವ, ಏನು ಬರೀತಿದ್ರಿ? ನಿಜ ಹೇಳಿ.”

“ಎಲೆ ಲೆಕ್ಕಮ್ಮಾ. ಕಂಟ್ರಾಕ್ಟರ್ ಜಾಸ್ತಿ ಹಾಕಬಾರದು ಅಂತ.”

ಈಗ ಮುನಿಸಿಕೊಳ್ಳುವ ಸರದಿ ಕಂಟ್ರಾಕ್ಟರ್‌ದು. ಹೆಗಲ ಟವೆಲ್ ತೆಗೆದು ಕೊಡವಿದ. “ನನ್ನ ಮೇಲೆ ಅನುಮಾನಾನಾ? ಲೇ, ಒಲೆ ಆರಿಸ್ರೋ!”

ಅವನನ್ನು ತಡೆದಿದ್ದು, ನಂಬಿದರೆ ನಂಬಿ, ಗುಂಡಣ್ಣ. “ಎಲೆ ಎಣಿಸೋದು ತಪ್ಪೇನ್ರೀ? ನನ್ನ ಮಗಳ ಮದುವೇಲಿ ನಾನೇ ಎಣಿಸಿದ್ದೆ! ಮೊದಲೇ ಹೇಳಬಾರದಾ ರಾಯರೇ, ನಾನೂ ಒಂದು ಸಾಲು ನೋಡ್ಕೊಳ್ತಿದ್ದೆ.”

ಮುಹೂರ್ತಕ್ಕೆ ಇನ್ನು ಆರೇ ನಿಮಿಷ ಎಂದು ಪುರೋಹಿತರು ಒಳಗಿಂದ ಕೂಗಿದರು. ಶ್ರೀಪಾದರಾಯರು ಗೇಟಿನಲ್ಲೇ, “ಕಾಶಿಗೆ ಹೋಗಬೇಡಪ್ಪಾ, ಹುಡುಗಿ ಕೊಡ್ತೀನಿ” ಎಂದು ಒಂದೇ ಉಸಿರಿಗೆ ಹೇಳಿದರು. ಹುಡುಗಿ ಅಷ್ಟರಲ್ಲಿ ಹುಡುಗನ ಕೈ ಹಿಡಿದು ಅರ್ಧ ದಾರಿ ಎಳೆದುಕೊಂಡು ಹೋಗಿದ್ದಳು. ಅಂತರಪಟ, ಜೀರಿಗೆ ಬೆಲ್ಲ, ತಾಳಿ, ಎಲ್ಲ ಹೊತ್ತಿಗೆ ಸರಿಯಾಗಿ ಮುಗಿಯಿತು. ಎರಡನೇ ಸಲದ ಗಟ್ಟಿಮೇಳಕ್ಕೆ ಯಾರ ಕೈಯಲ್ಲೂ ಅಕ್ಷತೆ ಉಳಿದಿರಲಿಲ್ಲ. ನೆಲದಿಂದ ಹೆಕ್ಕಿಕೊಂಡರು.

ಮಧ್ಯಾಹ್ನದ ಪಂಕ್ತಿಯಲ್ಲಿ ನಾಗರಾಜರಾಯರು ಎಡಗಡೆ ನಿಂತರು. ಗುಂಡಣ್ಣ ಬಲಗಡೆ. ಇಬ್ಬರ ಹಿಂದೆ ಕಂಟ್ರಾಕ್ಟರ್ ಬಿಟ್ಟ ಒಬ್ಬ ಹುಡುಗ, ಇವರಿಬ್ಬರೂ ಸರಿಯಾಗಿ ಎಣಿಸುತ್ತಾರಾ ಅಂತ ಎಣಿಸುವುದಕ್ಕೆ. ಪಂಕ್ತಿಯ ಕೊನೆಯಲ್ಲಿ ಎರಡು ಎಲೆಗೆ ತಕರಾರು ಬಂತು. ಅಲ್ಲಿ ಕೂತಿದ್ದವರು ಆಂಬುಲೆನ್ಸ್‌ನ ಇಬ್ಬರು. ಮಿನಿಬಸ್ಸಿನ ಡ್ರೈವರ್ ಇನ್ನೂ ಸಿಕ್ಕಿರಲಿಲ್ಲ. ಹೇಗೂ ಹೊರಡುವ ಹಾಗಿಲ್ಲ, ಊಟ ಮಾಡಿ ಅಂತ ಪದ್ಮತ್ತೆಯೇ ಕೂರಿಸಿದ್ದರು.

“ಇವರು ನಿಮ್ಮ ಕಡೆ” ಎಂದರು ಗುಂಡಣ್ಣ. “ಫೋನ್ ಮಾಡಿದ್ದು ನೀವು.”

“ಬಿದ್ದಿದ್ದು ನಿಮ್ಮ ಹುಡುಗ” ಎಂದರು ನಾಗರಾಜರಾಯರು.

“ನಾವು ಸರ್ಕಾರದ ಕಡೆ ಸಾರ್” ಎಂದ ಆಂಬುಲೆನ್ಸ್ ಡ್ರೈವರ್, ಎಲೆಯಿಂದ ತಲೆ ಎತ್ತದೆ. “ಇಲ್ಲಿಗೆ ಇನ್ನೊಂದು ಹೋಳಿಗೆ ಹೇಳಿ.”