ಸಂಜೆ ಮಂಡಕ್ಕಿ: 30 ಸೆಕೆಂಡಿನ ವಿಡಿಯೋ ಜಾಹೀರಾತಿಗೆ ಕ್ರಿಯೇಟಿವ್ ಬ್ರೀಫ್

ಏನು ಮಾಡ್ತಿದ್ದೇವೆ, ಯಾಕೆ

ದಾವಣಗೆರೆಯಲ್ಲಿ ತಯಾರಾಗುವ ನಮ್ಮ ಒಗ್ಗರಣೆ ಮಂಡಕ್ಕಿ ಈ ಮಳೆಗಾಲದಲ್ಲಿ ಬೆಂಗಳೂರಿನ ಅಂಗಡಿಗಳಿಗೆ ಬರ್ತಿದೆ. 150 ಗ್ರಾಂ ಪ್ಯಾಕೆಟ್, 50 ರೂಪಾಯಿ. ದಾವಣಗೆರೆಯಲ್ಲಿ ಮಂಡಕ್ಕಿಗೆ ಜಾಹೀರಾತು ಬೇಕಿಲ್ಲ. ಮಂಡಕ್ಕಿ ಹುರಿಯುವ ಭಟ್ಟಿ ಪಕ್ಕದಲ್ಲೇ ಇರುವ ಊರು ಅದು. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಯಾರೂ ಹೇಳಿಕೊಡದೇ ನಡೆಯುತ್ತೆ. ಬೆಂಗಳೂರಲ್ಲಿ ಹಾಗಲ್ಲ. ಇಲ್ಲಿ ನಮ್ಮ ಪ್ಯಾಕೆಟ್ಟು ಚಿಪ್ಸು, ಮಿಕ್ಸ್ಚರ್‌ಗಳ ಮಧ್ಯೆ ನೇತಾಡಬೇಕು. ಕಣ್ಣಿಗೆ ಬಿದ್ದ ತಕ್ಷಣ ಕೈ ಹೋಗಬೇಕಾದರೆ ಅದರ ಬಗ್ಗೆ ಒಂದು ನೆನಪು ಮೊದಲೇ ತಲೆಯಲ್ಲಿರಬೇಕು. ಈ ವಿಡಿಯೋ ಮಾಡಬೇಕಾದ ಕೆಲಸ ಅದು.

ಯಾರಿಗೆ

ದಾವಣಗೆರೆ, ಚಿತ್ರದುರ್ಗ, ಹರಿಹರ, ರಾಣೆಬೆನ್ನೂರು ಕಡೆಯಿಂದ ಬಂದು ಬೆಂಗಳೂರಲ್ಲಿ ರೂಮು ಮಾಡಿಕೊಂಡಿರುವ 22ರಿಂದ 30 ವಯಸ್ಸಿನವರು. ಊರಿಂದ ಬರುವಾಗ ಮಂಡಕ್ಕಿ ಚೀಲ ತರ್ತಾರೆ, ಎರಡು ದಿನ ರೂಮಿನವರೆಲ್ಲ ಸೇರಿ ತಿಂತಾರೆ, ಮೂರನೇ ದಿನ ನೋಡಿದರೆ ಮೆತ್ತಗಾಗಿರುತ್ತೆ. ಮಂಡಕ್ಕಿ ಗಾಳಿಯಲ್ಲಿನ ತೇವ ಬೇಗ ಹೀರುತ್ತೆ, ಮಳೆಗಾಲದಲ್ಲಂತೂ ಕೇಳೋದೇ ಬೇಡ. ಮೆತ್ತಗಾದ ಮಂಡಕ್ಕಿ ತಿಂದವರಿಗೇ ಗೊತ್ತು ಆ ಬೇಜಾರು. ನಾವು ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬಿ ಸೀಲ್ ಮಾಡೋದೇ ಇದಕ್ಕೆ. ಆದರೆ ವಿಡಿಯೋದಲ್ಲಿ ನೈಟ್ರೋಜನ್ ಅನ್ನೋ ಮಾತು ಬರೋದು ಬೇಡ, ಅದು ನಿಮ್ಮ ತಿಳುವಳಿಕೆಗಷ್ಟೇ.

ಹೇಳಬೇಕಾದ ಒಂದೇ ಮಾತು

ಮಳೆಯಲ್ಲೂ ಗರಿಗರಿ. ಇಷ್ಟೇ. ರುಚಿ, ಬೆಲೆ, ಊರಿನ ಹೆಮ್ಮೆ ಎಲ್ಲ ಒಟ್ಟಿಗೆ ತುರುಕಿದರೆ 30 ಸೆಕೆಂಡಿನಲ್ಲಿ ಯಾವುದೂ ಉಳಿಯಲ್ಲ. ಗರಿಗರಿ ಅನ್ನೋದನ್ನು ಬಾಯಲ್ಲಿ ಹೇಳಬೇಡಿ, ಕೇಳಿಸಿ. ಈ ಜಾಹೀರಾತಿನ ನಾಯಕ ಸದ್ದು.

ಕಥೆ

0–3 ಸೆಕೆಂಡ್: ಕಪ್ಪು ತೆರೆ. ಮಳೆ ಸದ್ದು. ಪ್ಯಾಕೆಟ್ ಹರಿಯುವ ಸದ್ದಿಗೆ ಸರಿಯಾಗಿ ಚಿತ್ರ ತೆರೆದುಕೊಳ್ಳುತ್ತೆ. ವಿಜಯನಗರದ ಕಡೆಯ ಬಾಡಿಗೆ ಮನೆ, ಎರಡನೇ ಮಹಡಿ, ಕಿಟಕಿ ಕಂಬಿಯ ಮೇಲೆ ಒಣಗದ ಬಟ್ಟೆ.

3–9: ನೆಲದ ಮೇಲೆ ಸ್ಟೀಲ್ ಪರಾತ. ಮಗಳು ಮಂಡಕ್ಕಿ ಸುರಿಯುತ್ತಾಳೆ. ಹತ್ತಿರದಿಂದ ತೋರಿಸಿ: ಅರಿಶಿನ ಹತ್ತಿದ ಮಂಡಕ್ಕಿ, ಕರಿದ ಕರಿಬೇವು, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ, ಶೇಂಗಾ, ಹುರಿಗಡಲೆ. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಅರ್ಧ ನಿಂಬೆಹಣ್ಣು. ಕೈಯಲ್ಲೇ ಕಲಸುತ್ತಾಳೆ, ಚಮಚ ಬೇಡವೇ ಬೇಡ. ಪಕ್ಕದಲ್ಲಿ ಫೋನ್ ಸ್ಪೀಕರ್‌ನಲ್ಲಿದೆ. ಅಮ್ಮ: "ಮತ್ತೆ ಚಿಕ್ಕಪ್ಪನ ಮನೆ ಗೃಹಪ್ರವೇಶಕ್ಕೆ ಬರ್ತೀಯೋ ಇಲ್ವೋ?"

9–14: ಮಗಳು ಒಂದು ಹಿಡಿ ಬಾಯಿಗೆ ಹಾಕುತ್ತಾಳೆ. ಕರುಂ. ಅಮ್ಮನ ಮಾತು ನಿಲ್ಲುತ್ತೆ. "ಏನೇ ಅದು ಸದ್ದು?" ಬಾಯಿ ತುಂಬಿಕೊಂಡೇ, "ಮಂಡಕ್ಕಿ ಕಣಮ್ಮಾ."

14–20: ದಾವಣಗೆರೆ ಮನೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ. "ಸುಳ್ಳು ಹೇಳ್ಬೇಡ. ಈ ಮಳೇಲಿ ಅಲ್ಲೆಲ್ಲಿ ಐತೆ ಅಂಥ ಮಂಡಕ್ಕಿ?" ಮಗಳು ಫೋನನ್ನು ಬಾಯಿ ಹತ್ತಿರ ಹಿಡಿದು ಇನ್ನೊಂದು ಹಿಡಿ. ಕರುಂ ಕುರುಂ. "ಕೇಳಿಸ್ತಾ?"

20–26: ಅಮ್ಮ: "ರೀ, ಬನ್ನಿ ಇಲ್ಲಿ, ಕೇಳಿ." ಅಪ್ಪ ಕನ್ನಡಕ ಹಣೆಗೇರಿಸಿ ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ಗಂಭೀರವಾಗಿ ಕೇಳಿ, "ಖಾರ ಐತಾ?" ಮಗಳು ನಾಲಿಗೆ ಒಳಗೆಳೆದು, "ಸ್ಸ್..."

26–30: ಪರಾತದ ಪಕ್ಕ ಪ್ಯಾಕೆಟ್. ಧ್ವನಿ: "ಸಂಜೆ ಮಂಡಕ್ಕಿ. ಕೇಳಿಸ್ತಾ?" ಕೊನೆಯಲ್ಲಿ ಒಂದೇ ಒಂದು ಕರುಂ.

ಅಪ್ಪನ ಜಾಗವೇ ನನಗೆ ಎಲ್ಲಕ್ಕಿಂತ ಇಷ್ಟ. ಆತ ನಗಬಾರದು, ನಗಿಸೋಕೂ ಹೋಗಬಾರದು. ಮಗಳು ಏನು ತಿಂತಿದಾಳೆ ಅನ್ನೋದು ಅವರಿಗೆ ನಿಜಕ್ಕೂ ಮುಖ್ಯ, ಅಷ್ಟೇ. ಅಲ್ಲಿಗೆ ಎರಡು ಸೆಕೆಂಡ್ ಮೌನ ಬೇಕು. ಎಡಿಟ್‌ನಲ್ಲಿ ಜಾಗ ಸಾಲದಿದ್ದರೆ ಈರುಳ್ಳಿ ಶಾಟ್ ಕತ್ತರಿಸಿ, ಇದನ್ನು ಮುಟ್ಟಬೇಡಿ.

ಸದ್ದು

ರೆಡಿಮೇಡ್ ಕರುಂ ಸದ್ದು ಬೇಡ. ಅದರಲ್ಲಿ ಹೆಚ್ಚಿನವು ಚಿಪ್ಸ್ ಸದ್ದು, ಒಂದೇ ಸಲ ಮುರಿಯುತ್ತೆ. ಮಂಡಕ್ಕಿ ಹಾಗಲ್ಲ. ಮೊದಲು ಹಗುರವಾಗಿ ನುರಿಯುತ್ತೆ, ನಡುವೆ ಶೇಂಗಾ ಸಿಕ್ಕಾಗ ಕಟುಂ ಅನ್ನುತ್ತೆ. ಆಗ ತಾನೇ ತೆರೆದ ಪ್ಯಾಕೆಟ್ ಇಟ್ಟುಕೊಂಡು, ಫ್ಯಾನ್ ಆಫ್ ಮಾಡಿ, ಮೈಕ್ ಹತ್ತಿರ ಹಿಡಿದು ರೆಕಾರ್ಡ್ ಮಾಡಿ. ಸಂಗೀತ ಬೇಡ, ಮಳೆಯೇ ಸಾಕು. ಅಮ್ಮನಿಗೆ ಕೇಳಿಸುವ ಸದ್ದು ಫೋನಿನಿಂದ ಬಂದ ಹಾಗೇ ಇರಲಿ.

ಸದ್ದು ಬಂದ್ ಮಾಡಿ ನೋಡುವವರೂ ಜಾಸ್ತಿ ಅಲ್ವಾ, ಅವರಿಗಾಗಿ ಮಾತೆಲ್ಲ ತೆರೆಯ ಮೇಲೆ ಕನ್ನಡದಲ್ಲಿ ಬರಲಿ. "ಕರುಂ" ಅನ್ನೋ ಅಕ್ಷರ ದೊಡ್ಡದಾಗಿ ಫೋನಿನ ಕಡೆಯಿಂದ ಎದ್ದು ಬರಲಿ.

ಪಾತ್ರ, ಭಾಷೆ

ಅಪ್ಪ ಅಮ್ಮ ದಾವಣಗೆರೆ ಕಡೆಯವರೇ ಆಗಿರಲಿ, ರಂಗಭೂಮಿ ಕಲಾವಿದರಾದರೆ ಇನ್ನೂ ಒಳ್ಳೇದು. ಬೆಂಗಳೂರಿನವರನ್ನು ಕರೆದು ಹುಬ್ಬಳ್ಳಿ ಮಾತು ಆಡಿಸಿದರೆ ನಮ್ಮೂರಿನವರು ಮೊದಲ ಸಾಲಿಗೇ ಹಿಡಿದುಬಿಡ್ತಾರೆ. "ಐತೆ" ಬರಲಿ, "ಅದ" "ಐತಿ" ಬೇಡ. ಮಗಳು ಕೆಲಸ ಮುಗಿಸಿ ಬಂದವಳ ಹಾಗೆ ಕಾಣಲಿ, ಮೇಕಪ್ ಇಲ್ಲದೆ, ಕ್ಲಿಪ್ ಹಾಕಿದ ಕೂದಲು, ಮನೆ ಬಟ್ಟೆ.

ಬೇಡ ಅನ್ನಿಸುವವು

ಭಟ್ಟಿ ತೋರಿಸೋಣ ಅಂತ ನಿಮಗೆ ಖಂಡಿತ ಆಸೆ ಆಗುತ್ತೆ, ನನಗೂ ಇದೆ, ಯಾಕಂದ್ರೆ ಕಾದ ಮರಳಿಗೆ ಬಿದ್ದ ಅಕ್ಕಿ ಕಣ್ಣು ಮಿಟುಕಿಸೋದರೊಳಗೆ ಅರಳಿ ಮೇಲೇಳೋದನ್ನು ನೋಡೋದೇ ಒಂದು ಚೆಂದ. ಆದರೆ ಅದು ಬೇರೆ ಕಥೆ, ಬೇರೆ ವಿಡಿಯೋಗೆ ಇಟ್ಟುಕೊಳ್ಳೋಣ. ಹಳೇ ಮನೆ, ಜಗಲಿ, ಅಜ್ಜಿ ಕೈರುಚಿ ಇವೂ ಬೇಡ.

ನ್ಯೂಸ್‌ಪೇಪರ್ ಮೇಲೆ ಮಂಡಕ್ಕಿ ಸುರಿಯೋದು ನಮ್ಮಲ್ಲಿ ರೂಢಿ, ಚಿತ್ರಕ್ಕೂ ಚೆನ್ನಾಗಿರುತ್ತೆ. ಆದರೂ ಬೇಡ. ಮುದ್ರಣದ ಶಾಯಿ ಆಹಾರಕ್ಕೆ ಹತ್ತುತ್ತೆ, ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಕೂಡ ಪೇಪರಿನಲ್ಲಿ ತಿಂಡಿ ಕಟ್ಟಬೇಡಿ, ಬಡಿಸಬೇಡಿ ಅಂತ ಹೇಳಿದೆ. ಪರಾತ ಬಂದಿದ್ದು ಅದಕ್ಕೇ.

"ಆರೋಗ್ಯಕರ", "ಎಣ್ಣೆ ಇಲ್ಲ" ಅನ್ನಬೇಡಿ. ಒಗ್ಗರಣೆಗೆ ಎಣ್ಣೆ ಹಾಕ್ತೀವಲ್ಲ. "ನ್ಯಾಚುರಲ್", "ತಾಜಾ", "ಅಸಲಿ", "ಸಾಂಪ್ರದಾಯಿಕ" ಇಂಥ ಪದಗಳಿಗೆ 2018ರ ಆಹಾರ ಜಾಹೀರಾತು ನಿಯಮಗಳಲ್ಲಿ ಷರತ್ತುಗಳಿವೆ, ನಮಗೆ ಅವುಗಳ ಗೊಡವೆಯೇ ಬೇಡ. ಪ್ಯಾಕೆಟ್ ಶಾಟ್‌ನಲ್ಲಿ ಸಸ್ಯಾಹಾರದ ಹಸಿರು ಗುರುತು ಕಾಣಲಿ. ಬೇರೆ ಬ್ರ್ಯಾಂಡಿನ ಪ್ಯಾಕೆಟ್ ಹಿಂದೆ ಎಲ್ಲೂ ಇಣುಕಬಾರದು.

ಏನೇನು ಕೊಡಬೇಕು

ಯೂಟ್ಯೂಬಿಗೆ 16:9, ರೀಲ್ಸ್‌ಗೆ 9:16, ಎರಡೂ 30 ಸೆಕೆಂಡ್. ಅಡ್ಡ ಚಿತ್ರವನ್ನು ಸುಮ್ನೆ ಕತ್ತರಿಸಿ ಉದ್ದ ಚಿತ್ರ ಮಾಡಬೇಡಿ, ಫೋನು ಮತ್ತು ಮುಖ ಎರಡೂ ಕಾಣುವ ಹಾಗೆ ಬೇರೆ ಬೇರೆ ಶಾಟ್ ತೆಗೆಯಿರಿ. ಜೊತೆಗೆ 10 ಸೆಕೆಂಡಿನದ್ದೊಂದು, ಅದರಲ್ಲಿ ಅಮ್ಮನ ಪ್ರಶ್ನೆ, ಕರುಂ, "ಕೇಳಿಸ್ತಾ?" ಇದ್ದರೆ ಸಾಕು. ಸಬ್‌ಟೈಟಲ್ ಇಲ್ಲದ ಪ್ರತಿಯೂ ಬೇಕು.

ಬಜೆಟ್ ಎಲ್ಲ ಸೇರಿ 6 ಲಕ್ಷ. ಶೂಟಿಂಗ್ ಒಂದೇ ದಿನ, ಎರಡೂ ಮನೆ ಬೆಂಗಳೂರಲ್ಲೇ ಮಾಡಿ, ದಾವಣಗೆರೆ ಮನೆಯ ಬಣ್ಣ, ನೆಲ, ಪಾತ್ರೆಗಳ ಫೋಟೋ ನಾವು ಕಳಿಸ್ತೀವಿ. ಜೂನ್ ಕೊನೆಯಲ್ಲಿ ಕೈಗೆ ಸಿಗಬೇಕು, ಜುಲೈ ಮಳೆಗೆ ಇದು ಓಡುತ್ತಿರಬೇಕು.

ಬರುವ ಶುಕ್ರವಾರದೊಳಗೆ ಸ್ಟೋರಿಬೋರ್ಡ್‌ಗಿಂತ ಮೊದಲು ಒಂದು ಕಳಿಸಿ: ಮೊಬೈಲಿನಲ್ಲೇ ರೆಕಾರ್ಡ್ ಮಾಡಿದ 30 ಸೆಕೆಂಡಿನ ಬರೀ ಸದ್ದು, ಮಾತು, ಮಳೆ, ಕರುಂ ಎಲ್ಲ ಸೇರಿ. ಎರಡು ಡಬ್ಬ ಪ್ಯಾಕೆಟ್ ಇವತ್ತೇ ಬಸ್ಸಿಗೆ ಹಾಕಿಸಿದ್ದೇನೆ.