ವಿಷಯ: ಪಿಎಚ್.ಡಿ. ಮೌಖಿಕ ಪರೀಕ್ಷೆಯ ದಿನಾಂಕ, ಅದನ್ನು ನಡೆಸುವ ಕ್ರಮ ಮತ್ತು ಮಹಾಪ್ರಬಂಧದ ಮುದ್ರಿತ ಪ್ರತಿಯ ರವಾನೆ ಕುರಿತು

ಕನ್ನಡ ವಿಭಾಗ
ಜ್ಞಾನಭಾರತಿ, ಬೆಂಗಳೂರು
8 ಜೂನ್ 2026

ಇವರಿಗೆ,
ಬಾಹ್ಯ ಪರೀಕ್ಷಕರು
ಧಾರವಾಡ

ಮಾನ್ಯರೇ,

ಸಾದರ ನಮಸ್ಕಾರಗಳು.

ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿರುವ ಮಂಜುಳಾ ಅವರ ‘ಬೆಂಗಳೂರು ಸುತ್ತಲಿನ ಶಾಸನಗಳಲ್ಲಿ ಕೆರೆಯ ನಿರ್ಮಾಣ ಮತ್ತು ನಿರ್ವಹಣೆ’ ಎಂಬ ಮಹಾಪ್ರಬಂಧವನ್ನು ತಾವು ಓದಿ, ವಿವರವಾದ ವರದಿಯನ್ನು ಕಳುಹಿಸಿಕೊಟ್ಟಿದ್ದಕ್ಕೆ ಮೊದಲು ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ. ಹೊರರಾಜ್ಯದ ಇನ್ನೊಬ್ಬ ಪರೀಕ್ಷಕರ ವರದಿಯೂ ಕೈಸೇರಿದೆ. ಎರಡೂ ವರದಿಗಳು ಪದವಿ ಪ್ರದಾನಕ್ಕೆ ಶಿಫಾರಸು ಮಾಡಿರುವುದರಿಂದ, ಮೌಖಿಕ ಪರೀಕ್ಷೆಯ ಸಿದ್ಧತೆ ಮಾಡಿಕೊಳ್ಳುವಂತೆ ಕುಲಸಚಿವರ (ಮೌಲ್ಯಮಾಪನ) ಕಚೇರಿಯಿಂದ ಸೂಚನೆ ಬಂದಿದ್ದು, ಪರೀಕ್ಷಾ ಮಂಡಳಿಯಲ್ಲಿ ಬಾಹ್ಯ ಪರೀಕ್ಷಕರಾಗಿ ತಾವೇ ಇರಬೇಕೆಂದು ತಿಳಿಸಲಾಗಿದೆ. ಅಧಿಕೃತ ಆದೇಶ ಆ ಕಚೇರಿಯಿಂದಲೇ ತಮಗೆ ಪ್ರತ್ಯೇಕವಾಗಿ ಬರುತ್ತದೆ. ಅದಕ್ಕೆ ಮೊದಲು ದಿನಾಂಕವನ್ನು ತಮ್ಮ ಅನುಕೂಲ ಕೇಳಿಯೇ ಗೊತ್ತುಮಾಡೋಣವೆಂದು ಈ ಪತ್ರ.

ಜುಲೈ ಎರಡನೆಯ ವಾರ ತಮಗೆ ಬಿಡುವಿದೆಯೆಂದು ದೂರವಾಣಿಯಲ್ಲಿ ಹೇಳಿದ್ದಿರಿ. ಅದರಂತೆ 9 ಜುಲೈ 2026, ಗುರುವಾರ, ಬೆಳಿಗ್ಗೆ 10.30ಕ್ಕೆ ವಿಭಾಗದ ಸಭಾಂಗಣದಲ್ಲಿ ಪರೀಕ್ಷೆಯನ್ನು ಇಟ್ಟುಕೊಳ್ಳಬಹುದೇ? ಆ ದಿನ ಆಗದಿದ್ದರೆ 14 ಜುಲೈ, ಮಂಗಳವಾರ, ಅದೇ ಹೊತ್ತಿಗೆ ನಡೆಸಬಹುದು. ಜುಲೈ 20ರ ನಂತರ ಸ್ನಾತಕೋತ್ತರ ಪರೀಕ್ಷೆಗಳಿಗೆ ಸಭಾಂಗಣವನ್ನು ಬಿಟ್ಟುಕೊಡಬೇಕಾಗಿದೆ. ಇನ್ನೂ ಮುಂದಕ್ಕೆ ಹಾಕುವುದಕ್ಕೆ ನನಗೆ ಧೈರ್ಯವಿಲ್ಲ; ಮಹಾಪ್ರಬಂಧ ಸಲ್ಲಿಕೆಯಾದದ್ದು ಫೆಬ್ರವರಿ 16ರಂದು, ಯು.ಜಿ.ಸಿ.ಯ 2022ರ ನಿಯಮಾವಳಿಯಂತೆ ಮೌಖಿಕ ಪರೀಕ್ಷೆಯ ಫಲಿತಾಂಶವೂ ಸೇರಿ ಮೌಲ್ಯಮಾಪನವೆಲ್ಲ ಸಲ್ಲಿಕೆಯಾದ ಆರು ತಿಂಗಳೊಳಗೆ ಮುಗಿಯಬೇಕು. ಅಂದರೆ ಆಗಸ್ಟ್ ಮಧ್ಯದೊಳಗೆ ಕಡತ ಎಲ್ಲ ಮೇಜುಗಳನ್ನೂ ದಾಟಿರಬೇಕು, ಮೇಜುಗಳ ಸಂಖ್ಯೆ ತಮಗೆ ಗೊತ್ತಿರುವುದೇ. ಮಂಜುಳಾ ಅವರು ದೊಡ್ಡಬಳ್ಳಾಪುರದ ಕಡೆಯ ಸರ್ಕಾರಿ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿದ್ದು, ಅವರೂ ಪ್ರಾಂಶುಪಾಲರಿಂದ ಮುಂಚಿತವಾಗಿ ಅನುಮತಿ ಪಡೆಯಬೇಕಾಗಿದೆ.

ಪರೀಕ್ಷೆ ನಡೆಯುವ ಬಗೆಯ ಕುರಿತು ತಾವು ಎರಡು ಮಾತು ಕೇಳಿದ್ದಿರಿ. ಆನ್‌ಲೈನ್ ಮೂಲಕ ನಡೆಸಲು ನಿಯಮದಲ್ಲಿ ಅವಕಾಶವಿದೆ, ನಮ್ಮಲ್ಲಿ ಅದಕ್ಕೆ ಬೇಕಾದ ಸೌಕರ್ಯವೂ ಇದೆ. ಆದರೂ ತಾವು ಖುದ್ದಾಗಿ ಬರಬೇಕೆಂದು ನಾನು ಒತ್ತಾಯಿಸುತ್ತಿರುವುದಕ್ಕೆ ತಮ್ಮ ವರದಿಯೇ ಕಾರಣ. ನಾಲ್ಕನೆಯ ಅಧ್ಯಾಯದಲ್ಲಿ ತೇದಿಯಿಲ್ಲದ ತೂಬಿನ ಶಾಸನಗಳಿಗೆ ಲಿಪಿಯ ಆಧಾರವೊಂದರಿಂದಲೇ ಕಾಲ ನಿರ್ಣಯ ಮಾಡಿರುವುದನ್ನು ತಾವು ಒಪ್ಪಿಲ್ಲ. 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ 9ನೆಯ ಸಂಪುಟದ ಪಾಠಕ್ಕಿಂತ ಮಂಜುಳಾ ಅವರ ಪಾಠ ಬೇರೆಯಾಗಿರುವ ಕಡೆಗಳಲ್ಲಿ ಮೂಲವನ್ನೇ ನೋಡಬೇಕೆಂದು ಬರೆದಿದ್ದೀರಿ. ಆ ಶಾಸನಗಳ ಪಡಿಯಚ್ಚುಗಳು ವಿಭಾಗದಲ್ಲಿವೆ. ಕಲ್ಲಿನ ಅಂಚು ಚಕ್ಕೆಯೆದ್ದ ಕಡೆ ಮಸಿ ಸರಿಯಾಗಿ ಹಿಡಿಯದೆ, ಅಲ್ಲಿರುವುದು ಒತ್ತಕ್ಷರವೋ ಕಲ್ಲಿನ ಸೀಳೋ ಎಂಬುದು ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ತಿಳಿಯುತ್ತದೆ. ಇದನ್ನು ಪರದೆಯ ಮೇಲೆ ತೋರಿಸಿ ವಾದಿಸುವುದು ತಮಗೂ ನ್ಯಾಯವಲ್ಲ, ಅಭ್ಯರ್ಥಿಗೂ ನ್ಯಾಯವಲ್ಲ. ಅವನ್ನು ಉದ್ದನೆಯ ಮೇಜಿನ ಮೇಲೆ ಹರಡಿ ಇಡಿಸುತ್ತೇನೆ. ಪ್ರಯಾಣ ತೀರ ಕಷ್ಟವಾದರೆ ಮಾತ್ರ ಆನ್‌ಲೈನ್ ಮಾಡೋಣ. ಹಾಗಾದಲ್ಲಿ ಪಡಿಯಚ್ಚುಗಳ ದೊಡ್ಡ ಗಾತ್ರದ ಛಾಯಾಚಿತ್ರಗಳನ್ನು ಒಂದು ವಾರ ಮೊದಲೇ ಕಳುಹಿಸುವ ವ್ಯವಸ್ಥೆ ಮಾಡುತ್ತೇನೆ.

ಪರೀಕ್ಷೆ ಬಹಿರಂಗವಾಗಿ ನಡೆಯುತ್ತದೆ. ಸಂಶೋಧನಾ ಸಲಹಾ ಸಮಿತಿಯ ಸದಸ್ಯರು, ವಿಭಾಗದ ಅಧ್ಯಾಪಕರು, ಸಂಶೋಧನಾರ್ಥಿಗಳು ಮತ್ತು ವಿದ್ಯಾರ್ಥಿಗಳು ಹಾಜರಿರುತ್ತಾರೆ. ಮಂಜುಳಾ ಅವರು ಮೊದಲು ಸುಮಾರು 40 ನಿಮಿಷ ತಮ್ಮ ಸಂಶೋಧನೆಯ ಮುಖ್ಯಾಂಶಗಳನ್ನು ಮಂಡಿಸುತ್ತಾರೆ. ಅನಂತರದ ಹೊತ್ತು ತಮ್ಮದು. ತಮ್ಮ ಪ್ರಶ್ನೆಗಳಿಗೆ ನಾನು ಕಾಲಮಿತಿಯನ್ನು ಹಾಕುವುದಿಲ್ಲ. ಇನ್ನೊಬ್ಬ ಪರೀಕ್ಷಕರು ಹಾಜರಾಗುತ್ತಿಲ್ಲವಾದ್ದರಿಂದ ಅವರ ವರದಿಯಲ್ಲಿರುವ ಪ್ರಶ್ನೆಗಳನ್ನು ನಾನು ಓದಿ ಹೇಳುತ್ತೇನೆ, ಅವುಗಳಿಗೂ ಅಭ್ಯರ್ಥಿ ಅಲ್ಲೇ ಉತ್ತರಿಸಬೇಕು. ಸಭಿಕರ ಪ್ರಶ್ನೆಗಳು ಕೊನೆಯಲ್ಲಿ. ಸಭೆ ಮುಗಿದ ಮೇಲೆ ತಾವೂ ನಾನೂ ಪ್ರತ್ಯೇಕವಾಗಿ ಕುಳಿತು ಮಂಡಳಿಯ ವರದಿಯನ್ನು ಸಿದ್ಧಪಡಿಸಿ, ಸಹಿ ಮಾಡಿ, ಅಂದೇ ಮೌಲ್ಯಮಾಪನ ವಿಭಾಗಕ್ಕೆ ಒಪ್ಪಿಸಬೇಕಾಗುತ್ತದೆ. ಆನ್‌ಲೈನ್ ಆದರೆ ವರದಿಯನ್ನು ಮಿಂಚಂಚೆಯಲ್ಲಿ ಕಳುಹಿಸುತ್ತೇನೆ, ತಾವು ಸಹಿ ಮಾಡಿ ಸ್ಕ್ಯಾನ್ ಪ್ರತಿಯನ್ನು ಅಂದೇ ಮರಳಿಸಿ ಮೂಲವನ್ನು ಅಂಚೆಗೆ ಹಾಕಿದರಾಯಿತು.

ಮಹಾಪ್ರಬಂಧದ ಮುದ್ರಿತ ಪ್ರತಿಯನ್ನು ತಾವು ಅಪೇಕ್ಷಿಸಿದ್ದೀರಿ. ಮೌಲ್ಯಮಾಪನಕ್ಕೆ ಪಿ.ಡಿ.ಎಫ್. ಮಾತ್ರ ಕಳುಹಿಸಿದ್ದರಿಂದ ಅನುಬಂಧದ ನಕ್ಷೆಗಳು ತಮಗೆ ಸರಿಯಾಗಿ ಕಂಡಿರಲಾರವು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳ ಕೆರೆಸಾಲುಗಳನ್ನು ತೋರಿಸುವ ಮಡಚು ನಕ್ಷೆಯಲ್ಲಿ ಕಾಲುವೆಗಳನ್ನೂ ಗಡಿಗಳನ್ನೂ ಬಣ್ಣದಿಂದಲೇ ಗುರುತಿಸಬೇಕು. ತಗ್ಗಿಸಿದ ಗಾತ್ರದಲ್ಲಿ ಅವೆರಡೂ ಒಂದರೊಳಗೊಂದು ಬೆರೆತುಹೋಗುತ್ತವೆ. ಆದ್ದರಿಂದ ಎರಡು ಸಂಪುಟಗಳನ್ನು ಕಳುಹಿಸುತ್ತಿದ್ದೇನೆ: 312 ಪುಟಗಳ ಮುಖ್ಯ ಪ್ರಬಂಧ, 140 ಪುಟಗಳ ಶಾಸನಪಾಠ ಮತ್ತು ನಕ್ಷೆಗಳ ಅನುಬಂಧ. ಜೂನ್ 10ರ ಬುಧವಾರ ತಮ್ಮ ಮನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿಸಿ, ರಸೀದಿಯ ಸಂಖ್ಯೆಯನ್ನು ಅಂದೇ ಮಿಂಚಂಚೆಯಲ್ಲಿ ತಿಳಿಸುತ್ತೇನೆ. 17ರೊಳಗೆ ತಲುಪದಿದ್ದರೆ ದಯವಿಟ್ಟು ಹೇಳಿ, ಇನ್ನೊಂದು ಪ್ರತಿ ಸಿದ್ಧವಿದೆ. ಇದು ಸಲ್ಲಿಕೆಯಾದ ಪ್ರತಿಯೇ ಆಗಿದ್ದು ಒಂದಕ್ಷರವೂ ಬದಲಾಗಿಲ್ಲ. ತಾವು ಸೂಚಿಸಿದ ತಿದ್ದುಪಡಿಗಳನ್ನು ಮೌಖಿಕ ಪರೀಕ್ಷೆಯ ನಂತರ ಅಳವಡಿಸಿ, ಆ ಪ್ರತಿಯನ್ನೇ ಗ್ರಂಥಾಲಯಕ್ಕೂ ಶೋಧಗಂಗಾಕ್ಕೂ ಕೊಡಲಾಗುವುದು. ಹಾಗಾಗಿ ಅಂಚಿನಲ್ಲಿ ಧಾರಾಳವಾಗಿ ಗುರುತು ಹಾಕಬಹುದು. ಬರುವಾಗ ಅನುಬಂಧದ ಸಂಪುಟವನ್ನು ತಂದರೆ ಪಡಿಯಚ್ಚಿನೊಂದಿಗೆ ಹೋಲಿಸಲು ಅನುಕೂಲ. ಮುಖ್ಯ ಸಂಪುಟವನ್ನು ಹೊತ್ತು ತರುವ ಅಗತ್ಯವಿಲ್ಲ, ಇಲ್ಲಿ ಪ್ರತಿಗಳಿವೆ.

ಪ್ರಯಾಣದ ವಿಚಾರ ಸಂಕ್ಷಿಪ್ತವಾಗಿ: ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹಿಂದಿನ ರಾತ್ರಿ ಹೊರಟರೆ ಬೆಳಗಿಗೆ ಬೆಂಗಳೂರಿನಲ್ಲಿರುತ್ತೀರಿ. ರೈಲು ನಿಲ್ದಾಣಕ್ಕೆ ವಿಭಾಗದಿಂದ ಒಬ್ಬ ಸಂಶೋಧನಾರ್ಥಿ ಬರುತ್ತಾರೆ. ನೇರಳೆ ಮಾರ್ಗದ ಮೆಟ್ರೊದಲ್ಲಿ ಜ್ಞಾನಭಾರತಿ ನಿಲ್ದಾಣದವರೆಗೆ ಬರುವುದು ಬೆಳಗಿನ ಮೈಸೂರು ರಸ್ತೆಯಲ್ಲಿ ಕಾರಿನಲ್ಲಿ ಬರುವುದಕ್ಕಿಂತ ನೆಮ್ಮದಿ, ಆದರೆ ಆಯ್ಕೆ ತಮ್ಮದು. ಅತಿಥಿಗೃಹದಲ್ಲಿ 8ರ ರಾತ್ರಿಯಿಂದಲೇ ಒಂದು ಕೊಠಡಿಯನ್ನು ಕಾಯ್ದಿರಿಸುತ್ತೇನೆ. ಪ್ರಯಾಣಭತ್ಯೆ ಮತ್ತು ಸಂಭಾವನೆ ಬ್ಯಾಂಕ್ ಖಾತೆಗೇ ಜಮೆಯಾಗುವುದರಿಂದ ಟಿಕೆಟ್, ಪ್ಯಾನ್ ಕಾರ್ಡಿನ ಪ್ರತಿ ಮತ್ತು ರದ್ದುಮಾಡಿದ ಒಂದು ಚೆಕ್ ಹಾಳೆ ಜೊತೆಗಿರಲಿ.

ಪರೀಕ್ಷೆಯ ಪ್ರಕಟಣೆಯನ್ನು 15 ದಿನ ಮೊದಲು ಹೊರಡಿಸುವುದು ವಿಭಾಗದ ರೂಢಿ. ಆದ್ದರಿಂದ ಎರಡರಲ್ಲಿ ಯಾವ ದಿನಾಂಕ, ಖುದ್ದು ಬರುವಿರೋ ಆನ್‌ಲೈನೋ ಎಂಬುದನ್ನು ಜೂನ್ 18ರ ಗುರುವಾರದೊಳಗೆ ಒಂದು ಸಾಲಿನ ಮಿಂಚಂಚೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ಪಡಿಯಚ್ಚುಗಳಲ್ಲಿ ಯಾವುದನ್ನಾದರೂ ವಿಶೇಷವಾಗಿ ನೋಡಬಯಸಿದರೆ ಅದರ ಅನುಬಂಧದ ಸಂಖ್ಯೆಯನ್ನೂ ಬರೆದು ಕಳುಹಿಸಿ. ಅದನ್ನು ಮೊದಲೇ ಬಿಚ್ಚಿ ಸುಕ್ಕು ಹೋಗುವಂತೆ ಹಾಸಿ ಇಡಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ವಸುಂಧರಾ
ಪ್ರಾಧ್ಯಾಪಕಿ ಹಾಗೂ ಸಂಶೋಧನಾ ಮಾರ್ಗದರ್ಶಕಿ

ಪ್ರತಿ: ಕುಲಸಚಿವರು (ಮೌಲ್ಯಮಾಪನ), ಮಾಹಿತಿಗಾಗಿ, ವಿಭಾಗದ ಅಧ್ಯಕ್ಷರು, ಸಭಾಂಗಣ ಕಾಯ್ದಿರಿಸುವ ಸಲುವಾಗಿ